ಎರಡನೇ ದಿನ ಕೈಕೊಡುವ ಟವರ್

ಮಳೆಗಾಲದಲ್ಲಿ ಕೊಪ್ಪ, ಶೃಂಗೇರಿ, ಹೊಸನಗರದ ಕಡೆ ಇದ್ದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಸಂಜೆ ಗಾಳಿಗೆ ಮರ ಬಿದ್ದು ಕರೆಂಟು ಹೋಗುತ್ತದೆ. ರಾತ್ರಿ ಊಟದ ಹೊತ್ತಿಗೂ ಫೋನ್ ಚೆನ್ನಾಗಿಯೇ ಇರುತ್ತದೆ. ಮಧ್ಯರಾತ್ರಿ ದಾಟಿದ ಮೇಲೆ ಸಿಗ್ನಲ್ ಮಾಯ. ಬೆಳಿಗ್ಗೆ ಕರೆಂಟು ಬಂತು, ಸಿಗ್ನಲ್ಲೂ ಬಂತು ಎಂದು ಸಮಾಧಾನಪಡುವಷ್ಟರಲ್ಲಿ ಕರೆಂಟು ಮತ್ತೆ ಹೋಗುತ್ತದೆ. ಈ ಸಲ ಫೋನ್ ಮಧ್ಯರಾತ್ರಿಯ ತನಕ ಕಾಯುವುದಿಲ್ಲ, ಮಧ್ಯಾಹ್ನಕ್ಕೇ ಸತ್ತುಹೋಗುತ್ತದೆ. ಮೊದಲ ದಿನ ಏಳು ಗಂಟೆ ತಡೆದುಕೊಂಡ ಟವರ್ ಎರಡನೇ ದಿನ ನಾಲ್ಕೇ ಗಂಟೆಗೆ ಯಾಕೆ ಸುಸ್ತಾಯಿತು? ಕಂಪನಿಯವರ ಉದಾಸೀನ ಎಂದು ಬೈದು ಸುಮ್ಮನಾಗುವ ಮೊದಲು ಟವರಿನ ಬುಡದಲ್ಲಿರುವ ಪೆಟ್ಟಿಗೆಯೊಳಗೆ ಏನಿದೆ ಎಂದು ನೋಡುವುದು ಒಳ್ಳೆಯದು.

ಟವರಿನ ಉಪಕರಣಗಳು ನೇರವಾಗಿ ಲೈನಿನ ಕರೆಂಟಿನಿಂದ ನಡೆಯುವುದಿಲ್ಲ. ಅವು ಬಳಸುವುದು 48 ವೋಲ್ಟಿನ ಡಿಸಿ ವಿದ್ಯುತ್. ಹಳೆಯ ಟೆಲಿಫೋನ್ ಎಕ್ಸ್‌ಚೇಂಜುಗಳಿಂದ ಬಂದ ಬಳುವಳಿ ಅದು. (ಆಗ ಮನೆಯ ಲ್ಯಾಂಡ್‌ಲೈನಿಗೂ ಎಕ್ಸ್‌ಚೇಂಜಿನಿಂದಲೇ ತಂತಿಯಲ್ಲಿ ವಿದ್ಯುತ್ ಬರುತ್ತಿತ್ತು. ಊರಿಗೆಲ್ಲ ಕತ್ತಲಾದರೂ ಫೋನ್ ರಿಂಗಾಗುತ್ತಿದ್ದದ್ದು ಅದಕ್ಕೇ. ಈಗ ಮನೆಗೆ ಬಂದಿರುವ ಫೈಬರಿನಲ್ಲಿ ಆ ಸುಖ ಇಲ್ಲ.) ಮೆಸ್ಕಾಂ ಕೊಡುವ ಎಸಿ ಕರೆಂಟನ್ನು ರೆಕ್ಟಿಫೈಯರ್ ಎಂಬ ಯಂತ್ರ ಡಿಸಿ ಮಾಡುತ್ತದೆ. ಅದು ಒಂದು ಕಡೆ ಉಪಕರಣಗಳನ್ನು ನಡೆಸುತ್ತ, ಇನ್ನೊಂದು ಕಡೆ ಬ್ಯಾಟರಿಗಳನ್ನು ಚಾರ್ಜ್ ಮಾಡುತ್ತಿರುತ್ತದೆ. ಬ್ಯಾಟರಿಗಳು ಸದಾ ಸಾಲಿಗೆ ಜೋಡಿಸಿಕೊಂಡೇ ಇರುವುದರಿಂದ ಕರೆಂಟು ಹೋದ ಕ್ಷಣದಲ್ಲಿ ಏನೂ ಬದಲಾಗುವುದಿಲ್ಲ. ಮಾತಾಡುತ್ತಿದ್ದವರ ಕರೆ ತುಂಡಾಗುವುದೂ ಇಲ್ಲ.

ಬ್ಯಾಟರಿ ಎಂದರೆ ಒಂದಲ್ಲ. ಎರಡೆರಡು ವೋಲ್ಟಿನ 24 ಸೀಸದ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 48 ವೋಲ್ಟ್ ಆಗುತ್ತದೆ. ಒಂದೊಂದು ಸೆಲ್ಲೂ ಒಬ್ಬನೇ ಎತ್ತಲು ಒದ್ದಾಡಬೇಕಾದಷ್ಟು ಭಾರ. ಗುಜರಿಯಲ್ಲಿ ಸೀಸಕ್ಕೆ ಒಳ್ಳೆಯ ಬೆಲೆ ಇರುವುದರಿಂದ ಕಳ್ಳರಿಗೂ ಇವುಗಳ ಮೇಲೆ ಕಣ್ಣು.

ಈಗ ಒಂದು ಲೆಕ್ಕ ಹಾಕೋಣ. ಮಾದರಿಗಾಗಿ 600 ಆಂಪಿಯರ್-ಅವರ್ ಬ್ಯಾಟರಿ ಸಾಲು ಇರುವ, ಎರಡು ಕಂಪನಿಗಳು ಹಂಚಿಕೊಂಡಿರುವ ಒಂದು ಹಳ್ಳಿ ಟವರನ್ನು ತೆಗೆದುಕೊಳ್ಳಿ. ಉಪಕರಣಗಳು ಎಳೆಯುವುದು 40 ಆಂಪಿಯರ್, ಅಂದರೆ ಸುಮಾರು ಎರಡು ಕಿಲೋವ್ಯಾಟ್. ಸೀಸದ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಬಾರದು, ನೂರಕ್ಕೆ 80 ಪಾಲು ಬಳಸಬಹುದು ಎಂದಿಟ್ಟುಕೊಂಡರೆ 480 ಆಂಪಿಯರ್-ಅವರ್ ಸಿಗುತ್ತದೆ. ಅದನ್ನು 40ರಿಂದ ಭಾಗಿಸಿದರೆ 12 ಗಂಟೆ. ಹೊಸ ಬ್ಯಾಟರಿಗೆ ಕಾಗದದ ಮೇಲಿನ ಲೆಕ್ಕ ಇದು. ಮೂರು-ನಾಲ್ಕು ಮಳೆಗಾಲ ಕಂಡ ಬ್ಯಾಟರಿಯಲ್ಲಿ ಶೇಕಡಾ 60ರಷ್ಟು ಶಕ್ತಿ ಉಳಿದಿದ್ದರೆ ಅದೇ 12 ಗಂಟೆ ಏಳಕ್ಕೆ ಇಳಿಯುತ್ತದೆ. ಸಂಜೆ ಆರಕ್ಕೆ ಕರೆಂಟು ಹೋದರೆ ರಾತ್ರಿ ಒಂದಕ್ಕೆ ಟವರ್ ಮಲಗುತ್ತದೆ.

ಬೆಳಿಗ್ಗೆ ಏಳಕ್ಕೆ ಲೈನ್‌ಮ್ಯಾನ್‌ಗಳು ಒದ್ದೆಯಲ್ಲೇ ಮರ ಕಡಿದು ಕರೆಂಟು ಕೊಟ್ಟರು ಅನ್ನಿ. ಹತ್ತು ಗಂಟೆಗೆ ಇನ್ನೊಂದು ಕಡೆ ಕೊಂಬೆ ಮುರಿದು ಲೈನ್ ಮತ್ತೆ ಹೋಯಿತು. ನಡುವೆ ಸಿಕ್ಕಿದ್ದು ಮೂರು ಗಂಟೆ. ಅಷ್ಟರಲ್ಲಿ ಬ್ಯಾಟರಿ ತುಂಬಿರಬೇಕಲ್ಲ ಎಂದು ನಮಗನಿಸುತ್ತದೆ. ತುಂಬಿರುವುದಿಲ್ಲ. ಸೀಸದ ಬ್ಯಾಟರಿಗೆ ಅವಸರದಲ್ಲಿ ಚಾರ್ಜ್ ತುರುಕಲಾಗದು. ತುರುಕಿದರೆ ಬಿಸಿಯೇರಿ ಒಳಗಿನ ನೀರಿನಂಶ ಆರಿಹೋಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಅದರ ಶಕ್ತಿಯ ಹತ್ತನೇ ಒಂದು ಪಾಲಿಗೆ, ಇಲ್ಲಿ 60 ಆಂಪಿಯರಿಗೆ, ಮಿತಿ ಹಾಕಿರುತ್ತಾರೆ. ಮೂರು ಗಂಟೆಗೆ 180, ಅದರಲ್ಲಿ ಸೋರಿಹೋಗುವುದನ್ನು ಕಳೆದರೆ 160. ಅದು ನಾಲ್ಕು ಗಂಟೆಗೆ ಸಾಕು. ಮಧ್ಯಾಹ್ನ ಎರಡಕ್ಕೆ ಸಿಗ್ನಲ್ ಮತ್ತೆ ಹೋಗುತ್ತದೆ. ಪೂರ್ತಿ ತುಂಬಬೇಕಿದ್ದರೆ ಎಂಟು-ಹತ್ತು ಗಂಟೆ ಬಿಡದೆ ಕರೆಂಟು ಇರಬೇಕಿತ್ತು, ಏಕೆಂದರೆ ಕೊನೆಯ ಪಾಲು ತುಂಬುವುದು ಬಹಳ ನಿಧಾನ.

ಟವರ್ ಕೆಲಸದವರು ಕರೆಂಟು ಹೋಗುವುದಕ್ಕಿಂತ ಬಂದು ಬಂದು ಹೋಗುವುದಕ್ಕೇ ಹೆಚ್ಚು ಹೆದರುವುದು ಇದಕ್ಕೆ. ಅರೆಬರೆ ಚಾರ್ಜಿನಲ್ಲಿ ದಿನಗಟ್ಟಲೆ ಕಳೆದ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟಿನ ಹರಳು ಗಟ್ಟಿಯಾಗಿ ಕೂರುತ್ತದೆ. ಒಮ್ಮೆ ಗಟ್ಟಿಯಾದರೆ ಆ ಭಾಗ ಇದ್ದೂ ಇಲ್ಲದ ಹಾಗೆ. ಒಂದು ಕೆಟ್ಟ ಜುಲೈ ಕಳೆದ ಮೇಲೆ ಬ್ಯಾಟರಿ ನೋಡಲು ಹಾಗೆಯೇ ಇದ್ದರೂ ಮುಂದಿನ ವರ್ಷ ತಡೆಯುವುದು ಏಳು ಗಂಟೆಯಲ್ಲ, ಐದು. ರಾಯಚೂರು, ಕಲಬುರಗಿ ಕಡೆ ಇದೇ ಕೆಲಸವನ್ನು ಬಿಸಿಲು ಮಾಡುತ್ತದೆ. ಬ್ಯಾಟರಿಯ ಸುತ್ತಲಿನ ಉಷ್ಣತೆ ಹತ್ತು ಡಿಗ್ರಿ ಏರಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಟವರ್ ಒಮ್ಮೆಲೇ ಆರುವುದಿಲ್ಲ, ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ. ವೋಲ್ಟೇಜ್ 46ರ ಆಸುಪಾಸಿಗೆ ಬಂದಾಗ ಕಡಿಮೆ ಮುಖ್ಯವಾದ ಉಪಕರಣಗಳಿಗೆ ವಿದ್ಯುತ್ ನಿಲ್ಲಿಸುವ ವ್ಯವಸ್ಥೆ ಹಲವು ಕಡೆ ಇದೆ. ಮೊದಲು ಹೋಗುವುದು 5ಜಿ ಮತ್ತು 4ಜಿಯ ಹೆಚ್ಚುವರಿ ಬ್ಯಾಂಡುಗಳು. ಸಾಲಿನ ವೋಲ್ಟೇಜ್ 43ರ ಹತ್ತಿರ ಬಂದರೆ ಬ್ಯಾಟರಿಯನ್ನು ಉಳಿಸಿಕೊಳ್ಳಲು ಒಂದು ಸ್ವಿಚ್ಚು ತಾನಾಗಿ ಎಲ್ಲವನ್ನೂ ಕಡಿದುಹಾಕುತ್ತದೆ. ಕರೆಂಟು ಹೋದ ರಾತ್ರಿ ನಿಮ್ಮ ಫೋನಿನಲ್ಲಿ 5ಜಿ ಗುರುತು ಮಾಯವಾಗಿ ಬರೀ 4ಜಿ ಉಳಿದು, ವಿಡಿಯೊ ಒದ್ದಾಡತೊಡಗಿತೆಂದರೆ ಬ್ಯಾಟರಿ ತಳ ಕಾಣುತ್ತಿದೆ ಎಂದೇ ಅರ್ಥವಿರಬಹುದು. ಹೇಳಬೇಕಾದ ಮಾತಿದ್ದರೆ ಆಗಲೇ ಹೇಳಿಬಿಡುವುದು ಲೇಸು.

ಜನರೇಟರ್ ಇದೆಯಲ್ಲ ಎನ್ನಬಹುದು. ಎಲ್ಲ ಟವರುಗಳಿಗೂ ಇಲ್ಲ. ಪೇಟೆಯಲ್ಲಿ ಮನೆ ಮಹಡಿಯ ಮೇಲಿರುವ ಟವರುಗಳಿಗೆ ಹೊಗೆ, ಸದ್ದಿನ ಕಾರಣಕ್ಕೆ ಜನರೇಟರ್ ಇಡಲು ಮಾಲೀಕರು ಒಪ್ಪುವುದಿಲ್ಲ. ಡೀಸೆಲ್ ಖರ್ಚು ಉಳಿಸಲು ಕಂಪನಿಗಳೇ ತೆಗೆದುಹಾಕಿದ ಕಡೆಯೂ ಉಂಟು, ಕರೆಂಟು ಚೆನ್ನಾಗಿರುವ ಊರಿನಲ್ಲಿ ಅದು ತಪ್ಪೂ ಅಲ್ಲ. ಇರುವ ಕಡೆ ನಮ್ಮ ಮಾದರಿ ಟವರಿನಂಥದ್ದಕ್ಕೆ 15 ಕೆವಿಎ ಡಿಜಿ ಇಟ್ಟಿರುತ್ತಾರೆ. ಬ್ಯಾಟರಿ ತುಂಬಿಸುತ್ತ ಟವರನ್ನೂ ನಡೆಸುವಾಗ ಅದು ಗಂಟೆಗೆ ಎರಡು ಲೀಟರಿನ ಮೇಲೆ ಡೀಸೆಲ್ ಕುಡಿಯುತ್ತದೆ. ಬೈಕಿಗೆ ಕಟ್ಟಿ ತಂದ 20 ಲೀಟರಿನ ಒಂದು ಕ್ಯಾನು ಹತ್ತು ಗಂಟೆಯೂ ಬರುವುದಿಲ್ಲ. ಆದ್ದರಿಂದ ಒಂದಷ್ಟು ಹೊತ್ತು ಡಿಜಿ ಓಡಿಸಿ ಬ್ಯಾಟರಿ ತುಂಬಿಸುವುದು, ಆಮೇಲೆ ಅದನ್ನು ನಿಲ್ಲಿಸಿ ಬ್ಯಾಟರಿಯ ಮೇಲೆ ನಡೆಸುವುದು, ಹೀಗೆ ಸರದಿಯಲ್ಲಿ ಸಾಗುತ್ತದೆ. ಬ್ಯಾಟರಿ ಹಳತಾಗಿದ್ದರೆ ಈ ಸರದಿಯೂ ಕೆಡುತ್ತದೆ. ಡಿಜಿ ಪದೇ ಪದೇ ಏಳಬೇಕಾಗುತ್ತದೆ, ಡೀಸೆಲ್ ಬೇಗ ಮುಗಿಯುತ್ತದೆ.

ಇಷ್ಟೆಲ್ಲ ಇದ್ದೂ ಡಿಜಿ ಏಳದಿರುವುದಕ್ಕೆ ಒಂದು ಸಣ್ಣ ಕಾರಣ ಇದೆ, ನನಗಂತೂ ತಮಾಷೆ ಅನಿಸುತ್ತದೆ. ಕರೆಂಟು ಹೋದಾಗ ತಾನಾಗಿ ಸ್ಟಾರ್ಟ್ ಆಗಲು ಅದಕ್ಕೆ ಲಾರಿಗಿರುವಂಥದೇ ಒಂದು 12 ವೋಲ್ಟಿನ ಬ್ಯಾಟರಿ ಬೇಕು. ಪಕ್ಕದಲ್ಲಿ ಕ್ವಿಂಟಾಲುಗಟ್ಟಲೆ ಸೀಸದ ಸೆಲ್ಲುಗಳಿದ್ದರೂ ಈ ಒಂದು ಪುಟ್ಟ ಬ್ಯಾಟರಿ ಕೂತುಹೋದರೆ ಡಿಜಿ ಕೆಮ್ಮಿ ಸುಮ್ಮನಾಗುತ್ತದೆ. ಆರು ತಿಂಗಳು ಓಡದೆ ನಿಂತಿದ್ದರೆ ಟ್ಯಾಂಕಿನ ತಳದಲ್ಲಿ ನೀರು ಸೇರಿ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ಮೇ ತಿಂಗಳಲ್ಲೇ ಒಮ್ಮೆ ಓಡಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ರಸ್ತೆಗೆ ಗುಡ್ಡ ಜರಿದ ದಿನ ಗೊತ್ತಾದರೆ ಮೆಕ್ಯಾನಿಕ್ ಬರುವುದಾದರೂ ಹೇಗೆ? ಕರೆಂಟು ಹೋಯಿತು, ಬ್ಯಾಟರಿ ಇಳಿಯಿತು, ಡಿಜಿ ಏಳಲಿಲ್ಲ ಎಂಬ ಎಚ್ಚರಿಕೆಗಳು ದೂರದ ನಿಗಾ ಕೇಂದ್ರಕ್ಕೆ ತಾವಾಗಿ ಹೋಗುತ್ತವೆ, ನಿಜ. ಟವರ್ ಪೂರ್ತಿ ಆರಿದ ಮೇಲೆ ಆ ಸುದ್ದಿ ಕಳಿಸುವ ದಾರಿಯೂ ಮುಚ್ಚಿಹೋಗುವುದೇ ಹೆಚ್ಚು.

ಇನ್ನೊಂದು ಗೊಂದಲವೂ ಇದೆ. ಟವರಿನ ಬುಡದಲ್ಲಿ ಡಿಜಿ ಗುಡುಗುಡು ಓಡುತ್ತಿದೆ, ಮೇಲೆ ಕೆಂಪು ದೀಪ ಉರಿಯುತ್ತಿದೆ, ಫೋನಿನಲ್ಲಿ ಮಾತ್ರ ಸಿಗ್ನಲ್ ಇಲ್ಲ. ಇಂಥ ದಿನ ತಪ್ಪು ನಿಮ್ಮ ಟವರಿನದಲ್ಲ. ಹಳ್ಳಿಯ ಟವರ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅದರ ಮೇಲಿನ ತಟ್ಟೆಯಾಕಾರದ ಮೈಕ್ರೊವೇವ್ ಆಂಟೆನಾ ಎದುರು ಗುಡ್ಡದ ಇನ್ನೊಂದು ಟವರಿಗೆ ಮಾತನ್ನು ದಾಟಿಸುತ್ತದೆ, ಅದು ತಾಲ್ಲೂಕು ಕೇಂದ್ರದ ಫೈಬರಿಗೆ ತಲುಪಿಸುತ್ತದೆ. ನಡುವಿನ ಆ ಗುಡ್ಡದ ಟವರಿನ ಡೀಸೆಲ್ ಮುಗಿದರೆ ಅದರ ಹಿಂದಿರುವ ಐದಾರು ಹಳ್ಳಿಗಳ ಟವರುಗಳಿಗೆ ಹೊರಜಗತ್ತಿನ ನಂಟು ತಪ್ಪುತ್ತದೆ. ನಂಟು ತಪ್ಪಿದ್ದು ಗೊತ್ತಾದ ಕೂಡಲೇ ಎಷ್ಟೋ ಉಪಕರಣಗಳು ತಾವೇ ಸಿಗ್ನಲ್ ಬಿಡುವುದನ್ನು ನಿಲ್ಲಿಸುತ್ತವೆ. ಆದ್ದರಿಂದ ದೂರು ಕೊಡುವಾಗ ಸಿಗ್ನಲ್ ಇಲ್ಲ ಎನ್ನುವುದರ ಜೊತೆಗೆ ಡಿಜಿ ಓಡುತ್ತಿದೆಯೋ ಇಲ್ಲವೋ ಎಂದೂ ಹೇಳಿದರೆ ಕೇಳಿದವರಿಗೆ ಅರ್ಧ ಉತ್ತರ ಸಿಕ್ಕ ಹಾಗೆ.

ಗುಡ್ಡದ ಮೇಲಿನ ಇಂಥ ಟವರಿಗೆ ಕರೆಂಟು ಬರುವುದು ಬಹಳ ಸಲ ಲೈನಿನ ಬಾಲದ ತುದಿಯಿಂದ. ದುರಸ್ತಿಯಾಗುವುದು ಬುಡದಿಂದ ತುದಿಗೆ: ಮೊದಲು ಸಬ್‌ಸ್ಟೇಷನ್, ಆಮೇಲೆ 11 ಕೆವಿ ಫೀಡರ್, ಆಮೇಲೆ ಕವಲುಗಳು. ಕಾಡಿನ ನಡುವಿನ ಒಂಟಿ ಟ್ರಾನ್ಸ್‌ಫಾರ್ಮರಿನ ಸರದಿ ಕೊನೆಗೆ. ಹತ್ತು ಊರಿನ ಮಾತು ಆ ಒಂದು ಟ್ರಾನ್ಸ್‌ಫಾರ್ಮರಿಗೆ ನೇತುಬಿದ್ದಿದೆ ಎಂಬುದು ಲೈನ್ ನಕ್ಷೆಯಲ್ಲಿ ಕಾಣುವುದಿಲ್ಲ.

ಆಸೆ ಇರುವುದು ಲಿಥಿಯಂ ಬ್ಯಾಟರಿಯಲ್ಲಿ. ಅದರ ಹೆಚ್ಚುಗಾರಿಕೆ ಬಹಳ ಹೊತ್ತು ಬರುವುದಕ್ಕಿಂತ ಬೇಗ ತುಂಬುವುದರಲ್ಲಿದೆ. ರೆಕ್ಟಿಫೈಯರಿಗೆ ಶಕ್ತಿ ಇದ್ದರೆ ಮೂರು ಗಂಟೆಯ ಕರೆಂಟಿನಲ್ಲೇ ಬಹುಪಾಲು ತುಂಬಿಕೊಳ್ಳುತ್ತದೆ, ಅರೆಬರೆ ಚಾರ್ಜಿನಿಂದ ಸೀಸದಷ್ಟು ಹಾಳಾಗುವುದೂ ಇಲ್ಲ. ನಮ್ಮ ಲೆಕ್ಕದ ಟವರಿಗೆ ಅದನ್ನು ಹಾಕಿದ್ದರೆ ಮಧ್ಯಾಹ್ನ ಎರಡಕ್ಕೆ ಹೋದ ಸಿಗ್ನಲ್ ಸಂಜೆ ದಾಟುತ್ತಿತ್ತು. ಬೆಲೆ ಹೆಚ್ಚು ಎಂಬುದೊಂದೇ ತೊಡಕಲ್ಲ. ಹಳೆಯ ರೆಕ್ಟಿಫೈಯರ್ ಹಾಗೆಯೇ ಬಿಟ್ಟು ಬ್ಯಾಟರಿ ಮಾತ್ರ ಬದಲಿಸಿದರೆ ಚಾರ್ಜ್ ನಿಧಾನವೇ ಆಗುತ್ತದೆ, ಹಾಕಿದ ದುಡ್ಡಿನ ಫಲ ಸಿಗುವುದಿಲ್ಲ.

2024ರಲ್ಲಿ ಟ್ರಾಯ್ ಹೊಸ ನಿಯಮ ತಂದಿತು. 24 ಗಂಟೆಗಿಂತ ಹೆಚ್ಚು ಹೊತ್ತು ಸೇವೆ ನಿಂತರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ಕಡಿತ, ಪ್ರಿಪೇಯ್ಡ್‌ನವರಿಗೆ ಹೆಚ್ಚುವರಿ ದಿನ ಕೊಡಬೇಕು. ಕೇಳಲು ಚೆನ್ನಾಗಿದೆ. ಆದರೆ ಇದರ ಅಳತೆ ಜಿಲ್ಲೆ. ಜಿಲ್ಲೆಯ ಮಟ್ಟದಲ್ಲಿ ಸೇವೆ ಕುಸಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಚಿಕ್ಕಮಗಳೂರು ಪೇಟೆಯಲ್ಲಿ ಫೋನ್ ನಡೆಯುತ್ತಿದ್ದು ಗುಡ್ಡದಾಚೆಯ ಒಂದು ಹೋಬಳಿ ಮೂರು ದಿನ ಮೂಕವಾಗಿ ಕೂತರೆ ಆ ನಿಯಮಕ್ಕೆ ಅದು ಕಾಣಿಸುವುದೇ ಇಲ್ಲ.