ಆ 32 ಎಲ್ಲಿಂದ ಬಂತು? ಲಿಮಿಟ್ ಲೆಕ್ಕದ ಕೆಲವು ತಪ್ಪು ಕಲ್ಪನೆಗಳು

ಚಾಮರಾಜನಗರವಾಗಲಿ ಗುಂಡ್ಲುಪೇಟೆಯಾಗಲಿ, ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದವರು ಗಣಿತದಲ್ಲಿ ‘ಲಿಮಿಟ್ಸ್ ಅಂಡ್ ಡಿರೈವೇಟಿವ್ಸ್’ ಎಂಬ ಒಂದೇ ಅಧ್ಯಾಯವನ್ನು ಓದುತ್ತಾರೆ. ಅಧ್ಯಾಯ ಒಂದೇ ಆದರೂ ಮನಸ್ಸಿನಲ್ಲಿ ಅದು ಎರಡಾಗಿ ಕೂರುತ್ತದೆ. ಲಿಮಿಟ್ ಎಂದರೆ 0/0 ಬಂದಾಗ ಬಿಡಿಸಿ, ಹೊಡೆದುಹಾಕಿ ಉತ್ತರ ತೆಗೆಯುವ ಲೆಕ್ಕ. ಡಿರೈವೇಟಿವ್ ಎಂದರೆ ಸೂತ್ರ ಹಾಕುವ ಲೆಕ್ಕ. ಹೀಗಾಗಿ 0/0 ಬರುವ ಪ್ರತಿ ಲಿಮಿಟ್ಟನ್ನೂ ಬಿಡಿಸಿಯೇ ತೀರಬೇಕು ಎಂಬ ನಂಬಿಕೆ ಬೇರೂರುತ್ತದೆ. ಉದಾಹರಣೆಗೆ lim (h→0) [(2+h)^5 − 32]/h ಎಂಬುದನ್ನು ನೋಡಿ. ಈ ನಂಬಿಕೆಯವರು (2+h)^5 ಅನ್ನು 32 + 80h + 80h² + 40h³ + 10h⁴ + h⁵ ಎಂದು ಹರಡಿ, 32 ಕಳೆದು, h ಹೊಡೆದು, 80 ಎನ್ನುತ್ತಾರೆ. ಉತ್ತರ ಸರಿ. ಆದರೆ ಪ್ರಶ್ನೆಯಲ್ಲಿ ಕಳೆದಿರುವುದು 31 ಅಲ್ಲ, 33 ಅಲ್ಲ, ಸರಿಯಾಗಿ 32 ಏಕೆ ಎಂದು ಕೇಳಿಕೊಂಡಿದ್ದರೆ ಅಷ್ಟು ಬರೆಯುವ ಅಗತ್ಯವೇ ಇರಲಿಲ್ಲ. 32 ಎಂದರೆ 2^5. ಅಂದರೆ ಅಂಶದಲ್ಲಿರುವುದು f(2+h) − f(2), ಅಲ್ಲಿ f(x) = x^5. ಅದನ್ನು h ನಿಂದ ಭಾಗಿಸಿ h ಅನ್ನು ಸೊನ್ನೆಯತ್ತ ಒಯ್ದರೆ ಸಿಗುವುದು, ವ್ಯಾಖ್ಯೆಯ ಪ್ರಕಾರವೇ, f'(2). ಡಿರೈವೇಟಿವ್ 5x^4; x = 2 ಹಾಕಿದರೆ 80. ಬಿಡಿಸಲು ಏನೂ ಉಳಿದಿಲ್ಲ, ಓದಿಕೊಂಡರೆ ಸಾಕು.

ಈ ಕಳೆಯುವ ಸಂಖ್ಯೆಗೆ ಅರ್ಥವಿದೆ ಎಂಬುದು ಓಡುವ ಬಸ್ಸಿನಲ್ಲಿ ಚೆನ್ನಾಗಿ ಕಾಣುತ್ತದೆ. ಗುಂಡ್ಲುಪೇಟೆ ಬಸ್ ನಿಲ್ದಾಣದಿಂದ ಚಾಮರಾಜನಗರದ ಕಡೆಗೆ ಹೊರಟ ಬಸ್ಸು ಮೊದಲ ಕೆಲವು ಸೆಕೆಂಡುಗಳಲ್ಲಿ t ಸೆಕೆಂಡಿಗೆ t²/2 ಮೀಟರ್ ದೂರ ಹೋಗುತ್ತದೆ ಎಂದುಕೊಳ್ಳೋಣ. 4 ಸೆಕೆಂಡಿಗೆ 8 ಮೀಟರ್, 5 ಸೆಕೆಂಡಿಗೆ 12.5 ಮೀಟರ್, ಆ ಒಂದು ಸೆಕೆಂಡಿನ ಸರಾಸರಿ ವೇಗ 4.5. ಅವಧಿಯನ್ನು 0.1 ಸೆಕೆಂಡಿಗೆ ಇಳಿಸಿದರೆ ಸರಾಸರಿ 4.05, 0.01 ಸೆಕೆಂಡಿಗೆ ಇಳಿಸಿದರೆ 4.005. ಈ ಸರಾಸರಿಗಳೆಲ್ಲ [(4+h)²/2 − 8]/h ಎಂಬ ಒಂದೇ ಭಿನ್ನರಾಶಿಯ ಬೆಲೆಗಳು, ಅವು ಸಾಗುತ್ತಿರುವುದು 4ರ ಕಡೆಗೆ. ನಾಲ್ಕನೆಯ ಸೆಕೆಂಡಿನ ಆ ಗಳಿಗೆಯಲ್ಲಿ ಬಸ್ಸಿನ ವೇಗ ಸೆಕೆಂಡಿಗೆ 4 ಮೀಟರ್, ಗಂಟೆಗೆ 14.4 ಕಿಲೋಮೀಟರ್. ಇಲ್ಲಿ 8 ಎಂಬುದು ಬಸ್ಸು ಆಗಲೇ ಕ್ರಮಿಸಿದ ದೂರ. ಅದನ್ನೇ ಕಳೆಯಬೇಕು, 7 ಕಳೆದರೆ ಅಂಶ ಸೊನ್ನೆಗೆ ಹೋಗದೆ 1ರ ಬಳಿ ನಿಲ್ಲುತ್ತದೆ, ಛೇದ ಸೊನ್ನೆಯಾಗುತ್ತದೆ, ಲಿಮಿಟ್ಟೇ ಇರುವುದಿಲ್ಲ.

‘ಇದು ಆಯ್ದ ಕೆಲವು ಪ್ರಶ್ನೆಗಳಿಗೆ ಮಾತ್ರ ಒದಗುವ ಚಮತ್ಕಾರ’ ಎಂಬ ಆಕ್ಷೇಪಕ್ಕೆ ಉತ್ತರ ಅದೇ ಅಧ್ಯಾಯದಲ್ಲಿದೆ. lim (x→a) (xⁿ − aⁿ)/(x − a) = n·aⁿ⁻¹ ಎಂಬ ಪ್ರಮೇಯವನ್ನು ಪಿಯು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಕೆಲವು ಪುಟಗಳ ನಂತರ xⁿ ನ ಡಿರೈವೇಟಿವ್ n·xⁿ⁻¹ ಎಂಬುದನ್ನು ಹೊಸ ಸೂತ್ರವೆಂದು ಮತ್ತೆ ಬಾಯಿಪಾಠ ಮಾಡುತ್ತಾರೆ. ಎರಡೂ ಒಂದೇ ಮಾತು. x ಎಂಬುದು a ಬಳಿಗೆ ಹೋಗುವಾಗ x − a ಅನ್ನು h ಎಂದು ಕರೆದರೆ ಮೊದಲನೆಯದು ಎರಡನೆಯದಾಗುತ್ತದೆ. ಅಂದ ಮೇಲೆ h ಕಂಡರೆ ಮಾತ್ರ ಡಿರೈವೇಟಿವ್ ಎಂಬ ತಿಳಿವಳಿಕೆಯೂ ತಪ್ಪು. lim (x→9) (√x − 3)/(x − 9) ನಲ್ಲಿ h ಇಲ್ಲ, ಆದರೂ ಅದು √x ನ ಡಿರೈವೇಟಿವ್ 9ರಲ್ಲಿ, 1/6.

ಗುರುತಿಸುವಾಗ ಎಡವುವ ಜಾಗಗಳು ಬೇರೆ ಇವೆ. ಅಂಶದಲ್ಲಿ h ಗೆ ಗುಣಕ ಅಂಟಿರುವ [(2+3h)^5 − 32]/h ಅನ್ನೂ 80 ಎಂದು ಬರೆದುಬಿಡುವವರಿದ್ದಾರೆ. ಅಂಶದಲ್ಲಿ ಸರಿದಿರುವುದು 3h, ಛೇದದಲ್ಲಿರುವುದು h. ಛೇದವನ್ನೂ 3h ಮಾಡಿ ಹೊರಗೆ 3ರಿಂದ ಗುಣಿಸಿದರೆ 240. ಇನ್ನೊಂದು, ಕಳೆಯುವ ಚಿಹ್ನೆ ಕಣ್ಣಿಗೆ ಬೀಳದ ಪ್ರಶ್ನೆ: lim (h→0) [cos(π+h) + 1]/h. ಕೂಡಿರುವುದನ್ನು ಕಂಡು ಇದು ವ್ಯಾಖ್ಯೆಯಲ್ಲ ಎಂದು ಬಿಟ್ಟುಬಿಡುತ್ತಾರೆ. cos π = −1, ಹಾಗಾಗಿ ಕೂಡಿದ 1 ಎಂಬುದೇ ಕಳೆದ cos π. ಉತ್ತರ −sin π, ಅಂದರೆ 0. ಇನ್ನು f ಅನ್ನು ಹೀಗೇ ಆರಿಸಬೇಕು ಎಂಬ ಕಟ್ಟುಪಾಡೂ ಇಲ್ಲ. ಮೊದಲಿನ ಲೆಕ್ಕದಲ್ಲಿ f(x) = (2+x)^5 ಎಂದಿಟ್ಟು ಬಿಂದುವನ್ನು 0 ಎಂದುಕೊಂಡರೂ 80 ಬರುತ್ತದೆ. ಬಿಂದು ಮತ್ತು f ಒಂದಕ್ಕೊಂದು ಹೊಂದಿದ್ದರೆ ಆಯಿತು.

ಸಿಇಟಿಗೆ ತಯಾರಿ ನಡೆಸುವವರ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಲೋಪಿತಾಲ್ ನಿಯಮ ಇರುವಾಗ ಗುರುತಿಸುವ ಗೋಜು ಯಾಕೆ? ಮೇಲೊಂದು ಕೆಳಗೊಂದು ಡಿರೈವೇಟಿವ್ ತೆಗೆದರೆ ಅದೇ 80 ಬರುತ್ತದಲ್ಲ? ಬರುತ್ತದೆ, ಆದರೆ 1696ರಲ್ಲಿ ಲೋಪಿತಾಲ್ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ, ಮೂಲದಲ್ಲಿ ಯೋಹಾನ್ ಬರ್ನೌಲಿಯದಾದ ಆ ನಿಯಮ ಕೇಳುವ ಬೆಲೆ ಹೆಚ್ಚು. ಬಿಂದುವಿನ ಸುತ್ತಮುತ್ತಲೂ ಡಿರೈವೇಟಿವ್ ಇರಬೇಕು, ಆ ಡಿರೈವೇಟಿವ್‌ಗಳ ಭಾಗಲಬ್ಧಕ್ಕೆ ಲಿಮಿಟ್ಟೂ ಇರಬೇಕು. ವ್ಯಾಖ್ಯೆಗೆ ಆ ಒಂದು ಬಿಂದುವಿನ ಮಾಹಿತಿ ಸಾಕು. f(0) = 0, ಉಳಿದೆಡೆ f(x) = x² sin(1/x) ಎಂದಿರಲಿ. [f(x) − f(0)]/x ಎಂದರೆ x sin(1/x). ಸೈನ್ ಎಷ್ಟೇ ಕುಣಿದರೂ −1 ಮತ್ತು 1ರ ನಡುವೆಯೇ ಇರುತ್ತದೆ, x ಸೊನ್ನೆಯಾಗುತ್ತದೆ, ಆದ್ದರಿಂದ f'(0) = 0. ಇದೇ ಲಿಮಿಟ್ಟಿಗೆ ಲೋಪಿತಾಲ್ ಹಾಕಿದರೆ 2x sin(1/x) − cos(1/x) ಬಂದು ನಿಲ್ಲುತ್ತದೆ, cos(1/x) ಎಲ್ಲಿಯೂ ನೆಲೆಗೊಳ್ಳುವುದಿಲ್ಲ. ‘ಲಿಮಿಟ್ ಇಲ್ಲ’ ಎಂದು ಟಿಕ್ ಹಾಕಿದವರು ಅಂಕ ಕಳೆದುಕೊಳ್ಳುತ್ತಾರೆ. f ಏನೆಂದೇ ಹೇಳದೆ f(3) = 5, f'(3) = −2 ಎಂದಷ್ಟೇ ಕೊಟ್ಟು lim (x→3) [x·f(3) − 3f(x)]/(x − 3) ಕೇಳಿದಾಗಲೂ ಇದೇ ಕಥೆ. ಅಂಶವನ್ನು (x − 3)f(3) − 3[f(x) − f(3)] ಎಂದು ಒಡೆದು ಬರೆದರೆ ಉತ್ತರ f(3) − 3f'(3), ಅಂದರೆ 5 + 6 = 11. 3ರ ಆಚೀಚೆ f ಹೇಗಿದೆ ಎಂದು ಯಾರೂ ಹೇಳಿಲ್ಲ. ಲೋಪಿತಾಲ್‌ಗೆ ಅದು ಬೇಕು, ಈ ದಾರಿಗೆ ಬೇಡ.

ಹಾಗೆಂದು ಗುರುತಿಸುವ ಉತ್ಸಾಹ ಅತಿಯಾದರೂ ಅಪಾಯ. [f(a+h) − f(a−h)]/(2h) ವ್ಯಾಖ್ಯೆಯಂತೆಯೇ ಕಾಣುತ್ತದೆ, ಆದರೆ ಅಲ್ಲಿ f(a) ಇಲ್ಲವೇ ಇಲ್ಲ. f(x) = |x|, a = 0 ಆದರೆ ಅದು ಯಾವ h ಗೂ ಸೊನ್ನೆ, ಲಿಮಿಟ್ಟೂ ಸೊನ್ನೆ; |x| ಗೆ ಸೊನ್ನೆಯಲ್ಲಿ ಡಿರೈವೇಟಿವ್ ಮಾತ್ರ ಇಲ್ಲ. f ಗೆ a ನಲ್ಲಿ ಡಿರೈವೇಟಿವ್ ಇದೆ ಎಂದು ಮೊದಲೇ ಗೊತ್ತಿದ್ದರಷ್ಟೇ ಆ ಲಿಮಿಟ್ಟನ್ನು f'(a) ಎಂದು ಓದಬಹುದು. ಹಾಗೆಯೇ sin h / h ಅನ್ನು ಸೈನ್‌ನ ಡಿರೈವೇಟಿವ್ 0ಯಲ್ಲಿ, ಅಂದರೆ cos 0 = 1 ಎಂದು ಓದುವುದು ಉತ್ತರ ಪರೀಕ್ಷಿಸಲು ಸರಿ, ಸಾಧನೆಯಾಗಿ ಸಲ್ಲದು. ಸೈನ್‌ನ ಡಿರೈವೇಟಿವ್ cos ಎಂದು ತೋರಿಸುವಾಗ ನಾವು ಬಳಸಿದ್ದೇ ಆ ಲಿಮಿಟ್ಟನ್ನು. ಅದಕ್ಕೇ ಪಠ್ಯ ಅದನ್ನು ವೃತ್ತದಲ್ಲಿ ತ್ರಿಕೋನಗಳ ವಿಸ್ತೀರ್ಣ ಹೋಲಿಸಿ ಸಾಧಿಸುತ್ತದೆ. xⁿ ಗೆ ಈ ತೊಡಕಿಲ್ಲ: n ಧನ ಪೂರ್ಣಾಂಕವಾದಾಗ ಅದರ ಡಿರೈವೇಟಿವ್ ದ್ವಿಪದ ಪ್ರಮೇಯದಿಂದ ನೇರವಾಗಿ ಬರುತ್ತದೆ.