ಮೊಸರಿನಂಥ ಬಿಳುಪು, ನಿದ್ದೆಗೆಡಿಸುವ ತುರಿಕೆ

ಜುಲೈ ತಿಂಗಳ ಒಂದು ಮಧ್ಯಾಹ್ನ. ಮಲೆನಾಡಿನಲ್ಲಿ ಮಳೆ ಹಿಡಿದು ಮೂರು ವಾರವಾಗಿತ್ತು. ಕ್ಲಿನಿಕ್ಕಿಗೆ ಬಂದ ಶಾಲಾ ಶಿಕ್ಷಕಿ ಕುರ್ಚಿಯ ತುದಿಯಲ್ಲಿ ಕೂತು, ಬಾಗಿಲು ಹಾಕಿದೆಯೇ ಎಂದು ಎರಡು ಸಲ ತಿರುಗಿ ನೋಡಿದರು. "ಬಿಳುಪು ಹೋಗ್ತಿದೆ ಡಾಕ್ಟ್ರೇ" ಅಂದವರು ಅಲ್ಲಿಗೇ ಸುಮ್ಮನಾದರು. ತುರಿಕೆ ಇದೆಯಾ ಎಂದು ನಾನೇ ಕೇಳಬೇಕಾಯಿತು. "ರಾತ್ರಿ ನಿದ್ದೆನೇ ಬರಲ್ಲ. ಕ್ಲಾಸಲ್ಲಿ ನಿಂತು ಪಾಠ ಮಾಡೋದು ಸಾಕು ಸಾಕಾಗಿದೆ" ಎನ್ನುತ್ತ ವ್ಯಾನಿಟಿ ಬ್ಯಾಗಿನಿಂದ ಹಿಂಡಿ ಚಪ್ಪಟೆಯಾಗಿದ್ದ ಒಂದು ಟ್ಯೂಬ್ ತೆಗೆದು ಮೇಜಿನ ಮೇಲಿಟ್ಟರು.

ಅವರನ್ನು ಸುಜಾತಾ ಎನ್ನೋಣ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 36, ಇಬ್ಬರು ಮಕ್ಕಳು. ಫೆಬ್ರುವರಿಯಲ್ಲಿ ಗಂಟಲು ನೋವಿಗೆ ಐದು ದಿನ ಆಂಟಿಬಯಾಟಿಕ್ ನುಂಗಿದ್ದರು. ಅದು ಮುಗಿಯುವ ಹೊತ್ತಿಗೆ ತುರಿಕೆ ಶುರು, ಜೊತೆಗೆ ಒಡೆದ ಮೊಸರಿನಂಥ ಗಟ್ಟಿ ಬಿಳುಪು. ಮೆಡಿಕಲ್ ಶಾಪಿನಲ್ಲಿ ನಾಚಿಕೊಂಡೇ ಕೇಳಿ ಒಂದು ಮಾತ್ರೆ, ಒಂದು ಕ್ರೀಮು ತಂದರು. ವಾಸಿಯಾಯಿತು. ಏಪ್ರಿಲ್‌ನಲ್ಲಿ ಮತ್ತೆ ಬಂತು, ಮೇನಲ್ಲಿ ಮತ್ತೆ. ಈಗ ನಾಲ್ಕನೇ ಸಲ.

ಮೊದಲ ಸಲ ಆದದ್ದನ್ನು ಊಹಿಸುವುದು ಸುಲಭ. ಯೋನಿಯೊಳಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾಗಳು ಬೀಡುಬಿಟ್ಟಿರುತ್ತವೆ. ಅಲ್ಲಿಯೇ ಎಷ್ಟೋ ಹೆಂಗಸರಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರವೂ, ಅಂದರೆ ಈಸ್ಟ್ ಕೂಡ, ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಈಸ್ಟಿಗೆ ಇದು ದೂರದ ನಂಟ. ಗಂಟಲಿಗೆಂದು ನುಂಗಿದ ಆಂಟಿಬಯಾಟಿಕ್ ಕೆಳಗಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಈಸ್ಟ್ ಬ್ಯಾಕ್ಟೀರಿಯಾ ಅಲ್ಲವಾದ್ದರಿಂದ ಅದಕ್ಕೇನೂ ಆಗುವುದಿಲ್ಲ. ಎದುರಾಳಿ ಇಲ್ಲದ ಅಂಗಳದಲ್ಲಿ ಅದು ಹಬ್ಬುತ್ತದೆ, ಪದರಕ್ಕೆ ಅಂಟಿ ಕೆರಳಿಸುತ್ತದೆ. ಆಗ ಹೊರಭಾಗ ಕೆಂಪಾಗಿ ಊದುತ್ತದೆ, ಮೂತ್ರ ತಾಗಿದಲ್ಲೆಲ್ಲ ಉರಿಯುತ್ತದೆ, ಕೆರೆದರೆ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡುತ್ತದೆ. ಮುಟ್ಟಿನ ಮುಂಚಿನ ವಾರದಲ್ಲಿ ತುರಿಕೆ ಹೆಚ್ಚುವುದು ಸಾಮಾನ್ಯ. ಬಿಳುಪಿಗೆ ಕೆಟ್ಟ ವಾಸನೆ ಇರುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬಿಳುಪು ಹೋದರೆ ಮೂಳೆ ಸವೆಯುತ್ತದೆ ಎಂದು ಹೆದರಿ ಬರುವವರು ಈಗಲೂ ಇದ್ದಾರೆ. ಮೂಳೆಗೂ ಅದಕ್ಕೂ ಸಂಬಂಧವಿಲ್ಲ. ತಿಂಗಳ ನಡುವೆ ಮೊಟ್ಟೆಯ ಲೋಳೆಯಂತೆ, ಮುಟ್ಟಿನ ಮುಂಚೆ ಸ್ವಲ್ಪ ಗಟ್ಟಿಯಾಗಿ ಬಿಳುಪು ಹೋಗುವುದು ದೇಹದ ಸಹಜ ನಡೆ. ತುರಿಕೆ, ಉರಿ, ವಾಸನೆ ಇಲ್ಲದಿದ್ದರೆ ಅದಕ್ಕೆ ಔಷಧಿಯೂ ಬೇಡ.

ಸುಜಾತಾ ಮೇಜಿನ ಮೇಲಿಟ್ಟ ಟ್ಯೂಬನ್ನು ಕನ್ನಡಕ ಹಾಕಿಕೊಂಡು ಓದಿದೆ. ಶಿಲೀಂಧ್ರಕ್ಕೊಂದು ಔಷಧಿ, ಬ್ಯಾಕ್ಟೀರಿಯಾಕ್ಕೊಂದು, ಮೂರನೆಯದು ಕ್ಲೋಬೆಟಾಸೋಲ್. ಈ ಮೂರನೆಯದು ಬಲವಾದ ಸ್ಟೀರಾಯ್ಡ್. ಹಚ್ಚಿದ ಕೆಲ ಹೊತ್ತಿನಲ್ಲೇ ತುರಿಕೆ ಅಡಗುವುದು ಇದರಿಂದ. ಅದಕ್ಕೇ ಜನಕ್ಕೆ ಈ ಕ್ರೀಮಿನ ಮೇಲೆ ಅಷ್ಟು ನಂಬಿಕೆ. ಆದರೆ ಸ್ಟೀರಾಯ್ಡು ಅಲ್ಲಿನ ಚರ್ಮದ ರಕ್ಷಣೆಯನ್ನೇ ಕುಗ್ಗಿಸುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವನ್ನು ತೆಳುವಾಗಿಸುತ್ತದೆ. ತೆಳುವಾದ ಚರ್ಮ ಉರಿಯುತ್ತದೆ, ಉರಿಗೆ ಮತ್ತೆ ಅದೇ ಕ್ರೀಮು. ಮನೆಯಲ್ಲಿ ಇಂಥ ಟ್ಯೂಬ್ ಇದ್ದರೆ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಎಂಬ ಹೆಸರು ಇದೆಯೇ ನೋಡಿ. ಇದ್ದರೆ ವೈದ್ಯರು ಹೇಳದೆ ಆ ಜಾಗಕ್ಕೆ ಹಚ್ಚಬೇಡಿ.

"ಸ್ನಾನ ಮಾಡುವಾಗ ಏನು ಹಾಕಿ ತೊಳೀತೀರಿ?" ಎಂದೆ. ಆಂಟಿಸೆಪ್ಟಿಕ್ ದ್ರಾವಣ, ದಿನಕ್ಕೆ ಮೂರು ಸಲ. ಒಳಗೂ ತೊಳೆಯುತ್ತಿದ್ದರು. ಸ್ವಚ್ಛ ಮಾಡುತ್ತಿದ್ದೇನೆಂದು ಅವರು ತಿಳಿದಿದ್ದರೆ, ಉಳಿದಿದ್ದ ಲ್ಯಾಕ್ಟೋಬ್ಯಾಸಿಲಸ್‌ಗಳನ್ನೂ ಹೊರಹಾಕುತ್ತಿದ್ದರು. ಒಳಭಾಗಕ್ಕೆ ಏನನ್ನೂ ಹಾಕಿ ತೊಳೆಯುವ ಅಗತ್ಯವಿಲ್ಲ. ಅದು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಹೊರಗೆ ಬರೀ ಉಗುರುಬೆಚ್ಚಗಿನ ನೀರು ಸಾಕು, ಸೋಪು ಬೇಡ. ನಿಂಬೆರಸ, ವಿನಿಗರ್ ಹಾಕಿದರೆ ಹುಳಿಗೆ ಈಸ್ಟ್ ಸಾಯುತ್ತದೆ ಅಂದುಕೊಳ್ಳುವವರಿದ್ದಾರೆ. ಯೋನಿ ಹೇಗೂ ಹುಳಿಯಾಗಿಯೇ ಇರುತ್ತದೆ, ಈಸ್ಟ್ ಆ ಹುಳಿಯಲ್ಲೇ ಆರಾಮಾಗಿ ಬೆಳೆಯುತ್ತದೆ. ಹಾಕಿಕೊಂಡವರಿಗೆ ಉರಿಯಷ್ಟೇ ಲಾಭ.

ಅಂದು ರಾತ್ರಿ ನಿದ್ದೆ ಬರಲು ಒಂದು ಉಪಾಯ ಹೇಳಿದೆ. ಅಗಲವಾದ ಟಬ್ಬಿನಲ್ಲಿ ಬೆಚ್ಚಗಿನ ನೀರು ತುಂಬಿ, ಏನನ್ನೂ ಬೆರೆಸದೆ, ಹತ್ತು ಹದಿನೈದು ನಿಮಿಷ ಕುಳಿತುಕೊಳ್ಳುವುದು. ಎದ್ದ ಮೇಲೆ ಉಜ್ಜದೆ, ಮೆತ್ತನೆ ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸಿಕೊಳ್ಳುವುದು. ತುರಿಕೆ ಏರಿದಾಗ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಐದು ನಿಮಿಷ ಇಟ್ಟುಕೊಳ್ಳಬಹುದು. ಮೂತ್ರ ತಾಗಿ ಉರಿಯುವುದಾದರೆ ಹೊರಗಿನ ಚರ್ಮಕ್ಕೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿಕೊಳ್ಳಬಹುದು. ಉಗುರು ಕತ್ತರಿಸಿಕೊಳ್ಳಬೇಕು, ನಿದ್ದೆಯಲ್ಲಿ ಕೈ ಮಾತು ಕೇಳುವುದಿಲ್ಲ. ಪೌಡರು, ಸುಗಂಧದ ವೈಪ್ಸು ಬೇಡ. ನೋವು ಇರುವಷ್ಟು ದಿನ ಗಂಡ-ಹೆಂಡತಿ ಕೂಡದಿರುವುದು ಒಳ್ಳೆಯದು. ಇವೆಲ್ಲ ತುರಿಕೆಯನ್ನು ತಗ್ಗಿಸುತ್ತವೆ, ಈಸ್ಟನ್ನು ಕೊಲ್ಲುವುದಿಲ್ಲ. ಆ ಕೆಲಸ ಔಷಧಿಯದೇ.

ಬಟ್ಟೆಯ ವಿಷಯಕ್ಕೆ ಬಂದಾಗ ಅವರಿಗೆ ನಗು ಬಂತು. "ನಮ್ಮನೇಲಿ ಒಳಚಡ್ಡಿ ಒಣಗೋದು ಸೀರೆ ಅಡಿಯಲ್ಲಿ." ಯಾರ ಮನೆಯಲ್ಲಿ ಅಲ್ಲ? ಗಂಡಸರ ಬನಿಯನ್ನಿಗೆ ಅಂಗಳದ ಬಿಸಿಲು, ಹೆಂಗಸರ ಒಳಉಡುಪಿಗೆ ಬಚ್ಚಲಿನ ಮೂಲೆಯ ಹಗ್ಗ, ಮೇಲೊಂದು ಟವೆಲ್ಲಿನ ಮುಸುಕು. ಮಳೆಗಾಲದಲ್ಲಿ ಅದು ಎರಡು ದಿನವಾದರೂ ಅರೆಹಸಿ. ಅದರ ಮೇಲೆ ಬಿಗಿಯಾದ ಲೆಗ್ಗಿಂಗ್ಸ್, ಇಡೀ ದಿನ ಪ್ಯಾಂಟಿ ಲೈನರ್. ಬಟ್ಟೆಯೊಂದೇ ಸೋಂಕು ತರುತ್ತದೆ ಎನ್ನಲಾಗದು. ಆದರೆ ಶೆಕೆ, ತೇವ ಈಸ್ಟಿಗೆ ಹಿತ, ಕೆರಳಿದ ಚರ್ಮಕ್ಕೆ ಅಹಿತ. ಸಡಿಲವಾದ ಹತ್ತಿಯ ಚಡ್ಡಿ ಹಾಕಬೇಕು, ಒದ್ದೆಯಾದರೆ ಕೂಡಲೇ ಬದಲಿಸಬೇಕು. ಪುಡಿ ಉಳಿಯದಂತೆ ಎರಡು ನೀರು ಹೆಚ್ಚಾಗಿಯೇ ಜಾಲಿಸಬೇಕು. ಬಿಸಿಲಿಲ್ಲದ ದಿನ ಒಲೆಯ ಕಾವಿಗೆ ಹಿಡಿದೋ ಇಸ್ತ್ರಿ ಹಾಕಿಯೋ ಪೂರ್ತಿ ಒಣಗಿಸಬೇಕು. ರಾತ್ರಿ ನೈಟಿಯೊಳಗೆ ಚಡ್ಡಿ ಇಲ್ಲದೆ ಮಲಗಿದರೆ ಇನ್ನೂ ಒಳ್ಳೆಯದು.

ಇಷ್ಟಾದ ಮೇಲೆ ಪರೀಕ್ಷೆ ಮಾಡೋಣ ಎಂದೆ. "ಅದೇ ಅಂತ ಗೊತ್ತಲ್ವಾ ಡಾಕ್ಟ್ರೇ, ಮತ್ತೆ ಟೆಸ್ಟ್ ಯಾಕೆ?" ನ್ಯಾಯವಾದ ಪ್ರಶ್ನೆಯೇ. ಆದರೆ ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಈಸ್ಟ್ ಸೋಂಕೆಂದು ತಾವೇ ತೀರ್ಮಾನಿಸಿ ಅಂಗಡಿಯಲ್ಲಿ ಔಷಧಿ ಕೊಂಡ 95 ಹೆಂಗಸರನ್ನು ಪರೀಕ್ಷಿಸಿದಾಗ ಬರೀ ಈಸ್ಟ್ ಸೋಂಕು ಸಿಕ್ಕಿದ್ದು ಸುಮಾರು ಮೂರರಲ್ಲೊಬ್ಬರಿಗೆ. ಉಳಿದವರಲ್ಲಿ ಕೆಲವರಿಗೆ ಬ್ಯಾಕ್ಟೀರಿಯಾದ ಏರುಪೇರು, ಕೆಲವರಿಗೆ ಬೇರೆ ಸೋಂಕು, ಕೆಲವರಿಗೆ ಏನೂ ಇರಲಿಲ್ಲ. ಮೀನಿನಂಥ ವಾಸನೆ, ಬೂದು ಬಣ್ಣದ ತೆಳು ಸ್ರಾವ, ಹಸಿರು-ಹಳದಿ ನೊರೆ, ಇವು ಈಸ್ಟಿನ ಲಕ್ಷಣವಲ್ಲ. ಈಸ್ಟಿನ ಔಷಧಿಯಿಂದ ಇವು ಹೋಗುವುದೂ ಇಲ್ಲ.

ಪರೀಕ್ಷೆ ಎಂದರೆ ದೊಡ್ಡದೇನಲ್ಲ. ಹತ್ತಿ ಸುತ್ತಿದ ಕಡ್ಡಿಯಲ್ಲಿ ಒಂದಿಷ್ಟು ಸ್ರಾವ ತೆಗೆಯುತ್ತೇವೆ, ಅರ್ಧ ನಿಮಿಷದ ಕೆಲಸ. ಮೊದಲು ಅದನ್ನು ಪಿಎಚ್ ಪಟ್ಟಿಗೆ ಮುಟ್ಟಿಸುತ್ತೇವೆ. ಈಸ್ಟಿನಲ್ಲಿ ಹುಳಿ ಕೆಡುವುದಿಲ್ಲವಾದ್ದರಿಂದ ಪಿಎಚ್ ಸಾಮಾನ್ಯವಾಗಿ 4.5ರ ಒಳಗೇ ಇರುತ್ತದೆ. ಅದಕ್ಕಿಂತ ಮೇಲೆ ಹೋದರೆ ಬೇರೆ ಕಾರಣ ಹುಡುಕಬೇಕು. ಆಮೇಲೆ ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸ್ರಾವ ಬೆರೆಸುತ್ತೇವೆ. ಅದು ನಮ್ಮ ಜೀವಕೋಶಗಳನ್ನು ಕರಗಿಸುತ್ತದೆ, ಶಿಲೀಂಧ್ರ ಮಾತ್ರ ಉಳಿಯುತ್ತದೆ. ಸುಜಾತಾರ ಪಟ್ಟಿ ನಾಲ್ಕನ್ನು ತೋರಿಸಿತು. ಸೂಕ್ಷ್ಮದರ್ಶಕದಲ್ಲಿ ಮೊಗ್ಗೊಡೆದ ಈಸ್ಟಿನ ಕಣಗಳು, ನಡುನಡುವೆ ಶಾವಿಗೆಯಂಥ ಎಳೆಗಳು. ಅವರನ್ನೂ ಕರೆದು ತೋರಿಸಿದೆ.

ಸ್ಲೈಡಿನಲ್ಲಿ ಏನೂ ಕಾಣದಿದ್ದರೂ ಈಸ್ಟ್ ಇಲ್ಲವೆಂದು ಹೇಳಲಾಗದು. ಎಷ್ಟೋ ಸಲ ಅದು ಕಣ್ತಪ್ಪುತ್ತದೆ. ಆಗ ಕಲ್ಚರ್‌ಗೆ ಕಳಿಸುತ್ತೇವೆ. ಪದೇ ಪದೇ ಬರುವವರಲ್ಲಿಯೂ ಕಲ್ಚರ್ ಬೇಕು, ಏಕೆಂದರೆ ಸಾಮಾನ್ಯ ಮಾತ್ರೆಗೆ ಬಗ್ಗದ ಗ್ಲಾಬ್ರಾಟಾ ಎಂಬ ಜಾತಿಯ ಈಸ್ಟ್ ಇದ್ದರೆ ಅದು ಗೊತ್ತಾಗುವುದು ಅಲ್ಲಿಯೇ. ಪರೀಕ್ಷೆಗೆ ಬರುವವರು ಹಿಂದಿನ ರಾತ್ರಿ ಒಳಗೆ ಔಷಧಿ ಇಟ್ಟುಕೊಂಡು ಬರಬಾರದು, ಮುಟ್ಟು ಮುಗಿದ ಮೇಲೆ ಬಂದರೆ ಅನುಕೂಲ.

ಜೀವನದಲ್ಲಿ ಮೊದಲ ಸಲ ಹೀಗಾದವರು, ಬಸುರಿಯರು, ಸಕ್ಕರೆ ಕಾಯಿಲೆಯವರು, ಔಷಧಿ ತೆಗೆದುಕೊಂಡು ವಾರವಾದರೂ ಕಡಿಮೆಯಾಗದವರು ಊಹೆಯ ಮೇಲೆ ಔಷಧಿ ಮಾಡದೆ ತೋರಿಸಿಕೊಳ್ಳಬೇಕು. ವರ್ಷಕ್ಕೆ ಮೂರು ಸಲ ಬಂದರೆ ಕಾರಣ ಹುಡುಕಲೇಬೇಕು. ಜ್ವರ, ಕಿಬ್ಬೊಟ್ಟೆ ನೋವು, ಹುಣ್ಣು, ರಕ್ತ ಕಂಡರೆ ಒಂದು ದಿನವೂ ಕಾಯಬೇಡಿ.

ಸಾಮಾನ್ಯ ಸೋಂಕಿಗೆ ಕ್ಲೋಟ್ರಿಮಝೋಲ್ ಗುಳಿಗೆಯನ್ನು ರಾತ್ರಿ ಮಲಗುವಾಗ ಒಳಗೆ ಇಟ್ಟುಕೊಳ್ಳುವುದು ಅಥವಾ 150 ಮಿಲಿಗ್ರಾಂ ಫ್ಲುಕೊನಝೋಲ್ ಮಾತ್ರೆ ಒಂದನ್ನು ನುಂಗುವುದು ಸಾಕಾಗುತ್ತದೆ. ಎರಡು ಮೂರು ದಿನದಲ್ಲಿ ತುರಿಕೆ ಇಳಿಯಬೇಕು. ಗುಳಿಗೆ ಕರಗಿ ಬೆಳಿಗ್ಗೆ ಬಿಳಿಯಾಗಿ ಇಳಿಯುವುದನ್ನು ಕಂಡು, ಬಿಳುಪು ಜಾಸ್ತಿಯಾಯಿತೆಂದು ಫೋನ್ ಮಾಡುವವರುಂಟು. ಅದು ಔಷಧಿಯೇ. ಬಸುರಿಯರಿಗೆ ಮಾತ್ರೆ ಕೊಡುವುದಿಲ್ಲ, ಏಳು ರಾತ್ರಿ ಗುಳಿಗೆ ಕೊಡುತ್ತೇವೆ. ಗಂಡನಿಗೆ ತುರಿಕೆ, ಕೆಂಪು ಇಲ್ಲದಿದ್ದರೆ ಅವರಿಗೆ ಔಷಧಿ ಬೇಕಿಲ್ಲ.

ನಾಲ್ಕನೇ ಸಲ ಬಂದ ಸುಜಾತಾರಿಗೆ ಅಷ್ಟು ಸಾಲದು. ಬಸಿರಿನಲ್ಲಿ ಸಕ್ಕರೆ ಇತ್ತೇ ಎಂದು ಕೇಳಿದೆ. "ಎರಡನೇ ಮಗುವಿಗೆ ಇತ್ತು. ಹೆರಿಗೆ ಆದ್ಮೇಲೆ ಹೋಯ್ತು ಅಂದ್ರು." ಆಮೇಲೆ ಪರೀಕ್ಷೆ ಮಾಡಿಸಿಯೇ ಇರಲಿಲ್ಲ, ಮಗುವಿಗೆ ಈಗ ಆರು ವರ್ಷ. ಮರುದಿನ ಖಾಲಿ ಹೊಟ್ಟೆಯ ಸಕ್ಕರೆ 148 ಬಂತು. 126 ದಾಟಿದರೆ ಮಧುಮೇಹ ಎನ್ನುತ್ತೇವೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯೂ ಅದನ್ನೇ ಹೇಳಿತು. ರಕ್ತದಲ್ಲಿ ಸಕ್ಕರೆ ಏರಿದ್ದಾಗ ಈಸ್ಟಿಗೆ ಮೇವಿನ ಕೊರತೆಯಿಲ್ಲ, ಅದನ್ನು ತಡೆಯುವ ದೇಹದ ಶಕ್ತಿಯೂ ಕುಂದಿರುತ್ತದೆ. ಮೂರು ದಿನಕ್ಕೊಂದರಂತೆ ಮೂರು ಫ್ಲುಕೊನಝೋಲ್, ಆಮೇಲೆ ವಾರಕ್ಕೊಂದರಂತೆ ಆರು ತಿಂಗಳು ಬರೆದುಕೊಟ್ಟೆ. ಬಸುರಿಲ್ಲವೆಂದೂ, ಬೇರಾವ ಮಾತ್ರೆಯನ್ನೂ ನುಂಗುತ್ತಿಲ್ಲವೆಂದೂ ಖಚಿತಪಡಿಸಿಕೊಂಡ ಮೇಲಷ್ಟೇ. ಜೊತೆಗೆ ಸಕ್ಕರೆಯ ಚಿಕಿತ್ಸೆಯೂ ಶುರುವಾಯಿತು.

ಸೆಪ್ಟೆಂಬರಿನಲ್ಲಿ ಬಂದಾಗ ತುರಿಕೆ ಇರಲಿಲ್ಲ. ಈ ಸಲ ಅತ್ತೆಯನ್ನೂ ಕರೆತಂದಿದ್ದರು. ಅರವತ್ತು ದಾಟಿದವರು, ಮಧುಮೇಹ ಹಳೆಯದು. "ಇವಳಿಗೆ ಕೊಟ್ಟಿದ್ದನ್ನೇ ನಂಗೂ ಕೊಟ್ಬಿಡಿ, ಅದೇ ನವೆ" ಎಂದರು. ಮುಟ್ಟು ನಿಂತವರಲ್ಲಿ ಈಸ್ಟ್ ಕಡಿಮೆ. ಚರ್ಮ ಒಣಗಿಯೋ ಚರ್ಮದ ಬೇರೆ ಕಾಯಿಲೆಯಿಂದಲೋ ನವೆ ಬರುವುದು ಹೆಚ್ಚು. ಹಾಗಾಗಿ ನೋಡದೆ ಕೊಡುವಂತಿರಲಿಲ್ಲ. ನೋಡಿದರೆ ಇವರಿಗೂ ಈಸ್ಟೇ. ಚೀಲದಿಂದ ಮಾತ್ರೆಗಳ ಪಟ್ಟಿಗಳನ್ನೆಲ್ಲ ತೆಗೆಸಿದೆ. ಎರಡು ತಿಂಗಳ ಹಿಂದೆ ಹೊಸದಾಗಿ ಸೇರಿದ್ದು ಡಾಪಾಗ್ಲಿಫ್ಲೋಝಿನ್. ಒಳ್ಳೆಯ ಮಾತ್ರೆಯೇ, ಹೃದಯಕ್ಕೂ ಕಿಡ್ನಿಗೂ ಹಿತ. ಆದರೆ ಅದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಯೇ ಕೆಲಸ ಮಾಡುತ್ತದೆ, ಆ ಸಿಹಿಗೆ ಈಸ್ಟ್ ಮುತ್ತುತ್ತದೆ. ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ ಎಂದು ಹೇಳಿ, ಅದನ್ನು ಬರೆದ ವೈದ್ಯರಿಗೊಂದು ಚೀಟಿ ಬರೆದೆ. ಅತ್ತೆಗೆ ಏಳು ರಾತ್ರಿಯ ಗುಳಿಗೆ ಕೊಟ್ಟು, ಮೂತ್ರ ಮಾಡಿದಾಗಲೆಲ್ಲ ನೀರಲ್ಲಿ ತೊಳೆದು ಒರೆಸಿಕೊಳ್ಳಿ ಎಂದೆ. ಸುಜಾತಾ ಅದನ್ನು ಮೊಬೈಲಿನಲ್ಲಿ ಬರೆದುಕೊಂಡರು.