ಬಾರ್ ಎರಡಿಂಚು ಇಳಿದರೆ

ಬಾರ್ ಹೊತ್ತು ಬಸ್ಕಿ ಹೊಡೆಯುವುದೇ ಜಿಮ್ಮಿನವರ ಸ್ಕ್ವಾಟ್. ಬಾರನ್ನು ಕತ್ತಿನ ಬುಡದ ದಪ್ಪ ಮಾಂಸದ ಮೇಲಿಟ್ಟರೆ ಹೈ-ಬಾರ್. ಎರಡು ಇಂಚು ಕೆಳಗೆ, ಭುಜದ ಹಿಂಭಾಗಕ್ಕೆ ಒರಗಿಸಿದರೆ ಲೋ-ಬಾರ್. ಎಲ್ಲಿಟ್ಟರೂ ಬಾರ್ ಪಾದದ ನಡುಭಾಗದ ನೇರಕ್ಕೇ ಇರಬೇಕು, ಇಲ್ಲದಿದ್ದರೆ ಮುಗ್ಗರಿಸುತ್ತೀರಿ. ಹಾಗಾಗಿ ಬಾರ್ ಕೆಳಗಿಳಿದಾಗ ಮೈ ಹೆಚ್ಚು ಬಾಗುತ್ತದೆ, ಸೊಂಟ ಹಿಂದಕ್ಕೆ ಹೋಗುತ್ತದೆ.

ಒಬ್ಬರ ತೊಡೆ 42 ಸೆಂ.ಮೀ. ಉದ್ದವಿದೆ ಎನ್ನಿ. ತೊಡೆ ನೆಲಕ್ಕೆ ಸಮಾನಾಂತರವಾದಾಗ ಬಾರಿನಿಂದ ಇಳಿಬಿಟ್ಟ ದಾರ ಆ 42ನ್ನು ಎರಡು ಪಾಲು ಮಾಡುತ್ತದೆ. ಹೈ-ಬಾರಿನಲ್ಲಿ ಮಂಡಿಗೆ 20, ಸೊಂಟದ ಕೀಲಿಗೆ 22 ಇದ್ದದ್ದು ಲೋ-ಬಾರಿನಲ್ಲಿ 16 ಮತ್ತು 26 ಆಗಬಹುದು. ದೂರ ಹೆಚ್ಚಿದಷ್ಟೂ ಆ ಕೀಲಿನ ಸ್ನಾಯುಗಳಿಗೆ ದುಡಿಮೆ ಹೆಚ್ಚು. ತೂಕ ಅದೇ 80 ಕಿಲೋ. ಮಂಡಿಯ ಪಾಲು ಐದರಲ್ಲೊಂದು ತಗ್ಗಿ ಪಿರ್ರೆ, ಹಿಂದೊಡೆಗಳಿಗೆ ಸೇರಿತು. ಪವರ್‌ಲಿಫ್ಟರುಗಳಲ್ಲಿ ಅನೇಕರು ಲೋ-ಬಾರ್ ಹಿಡಿಯುವುದು ಇದಕ್ಕೇ.

ಕೆಳಬೆನ್ನಿನ ಲೆಕ್ಕ ಇಷ್ಟು ಸರಳವಲ್ಲ. ಬಾರ್ ಅದಕ್ಕೆ ಹತ್ತಿರ ಬಂದರೂ ಮೈ ಬಾಗಿದ್ದು ಆ ಲಾಭವನ್ನು ನುಂಗಿಬಿಡುತ್ತದೆ. ಏಳುವಾಗ ಸೊಂಟ ಮೊದಲು ಮೇಲೆದ್ದು ಬಾರ್ ಅಲ್ಲೇ ಉಳಿದರೆ ಭಾರ ಬೆನ್ನಿಗೆ ಬಿದ್ದಿದೆಯೆಂದೇ ಅರ್ಥ. ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿಸಿ ನೋಡಿ. ಹಾಗೆ ಕಂಡರೆ ತೂಕ ಇಳಿಸಿ.